ಟೇಪಿನ ಕೆಳಗಿನ ದೀಪ

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನನ್ನು ಎಲ್ಲರೂ ಟೇಪಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಲೈಸೆನ್ಸಿನಲ್ಲಿತ್ತು. ಆದರೆ ಲೈಸೆನ್ಸಿನ ಮೂಲೆ ಸೀಳಿದೆಯೆಂದು ಅದಕ್ಕೂ ಆತ ಟೇಪು ಹಚ್ಚಿದ್ದರಿಂದ ಆ ಹೆಸರು ಅರ್ಧಕ್ಕೆ ಮುಚ್ಚಿಹೋಗಿತ್ತು. ಎಲೆಕ್ಟ್ರಿಷಿಯನ್ನರು ತಂತಿಗೆ ಸುತ್ತುವ ಆ ಕರಿ ಟೇಪಿನ ಒಂದು ಉರುಳೆ ಸದಾ ಅವನ ಅಂಗಿ ಜೇಬಿನಲ್ಲಿರುತ್ತಿತ್ತು. ಕನ್ನಡಕದ ಕಡ್ಡಿ, ಚಪ್ಪಲಿ, ಬಚ್ಚಲ ನಲ್ಲಿ, ಕುರ್ಚಿಯ ಕಾಲು, ಎಲ್ಲಕ್ಕೂ ಟೇಪೇ. ಭೂಮಿ ಬಿರುಕು ಬಿಟ್ಟರೂ ಈ ಮನುಷ್ಯ ಎರಡು ಸುತ್ತು ಸುತ್ತಿ, ಹಲ್ಲಿನಿಂದ ಕತ್ತರಿಸಿ, "ಸದ್ಯಕ್ಕೆ ಸಾಕು" ಎಂದು ಕೈ ಝಾಡಿಸಿಕೊಂಡು ಹೋಗುತ್ತಾನೆ ಎಂದು ಸ್ಟ್ಯಾಂಡಿನವರು ಆಡಿಕೊಳ್ಳುತ್ತಿದ್ದರು. ಮದುವೆಯಾದ ಮೂವತ್ತೆರಡು ವರ್ಷಗಳಲ್ಲಿ ಈ "ಸದ್ಯಕ್ಕೆ ಸಾಕು" ಎಂಬ ಮಾತನ್ನು ಹೆಂಡತಿ ಏಳು ಲಕ್ಷ ಸಲ ಕೇಳಿದ್ದಳು. ಇದು ಅವಳದೇ ಲೆಕ್ಕ, ಅದನ್ನು ಪ್ರಶ್ನಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಎಂಟು ತಿಂಗಳ ಹಿಂದೆ ಅವನ ಟ್ಯಾಕ್ಸಿಯ ಮೀಟರ್ ಬೋರ್ಡಿನಲ್ಲಿ ಒಂದು ಪುಟ್ಟ ಹಳದಿ ದೀಪ ಹೊತ್ತಿಕೊಂಡಿತು. ಎಂಜಿನ್ನಿನ ಆಕಾರದ ದೀಪ. ಟೇಪಣ್ಣನ ಕಣ್ಣಿಗೆ ಮಾತ್ರ ಅದು ಮೂತಿ ಮುರುಕಾದ ಕೆಟಲ್ಲಿನ ಹಾಗೆ ಕಾಣುತ್ತಿತ್ತು. ಗಾಡಿಯನ್ನು ಭಾವಮೈದನ ಗ್ಯಾರೇಜಿಗೆ ಒಯ್ದ. ಭಾವಮೈದ, ಎಂದರೆ ಹೆಂಡತಿಯ ತಮ್ಮ, ಒಳ್ಳೆಯ ಮೆಕ್ಯಾನಿಕ್. ಕಿವಿಯೊಂದನ್ನು ಬಾನೆಟ್ಟಿಗೆ ಇಟ್ಟರೆ ಎಂಜಿನ್ನು ತನ್ನ ಬಾಲ್ಯದ ಕಥೆಯನ್ನೆಲ್ಲ ಹೇಳಿಬಿಡುತ್ತಿತ್ತು. ಆತ ಸ್ಕ್ಯಾನರಿನ ತಂತಿ ಸಿಕ್ಕಿಸಿ ನೋಡಿದ.

"ಭಾವ, ಮೂರನೇ ಸಿಲಿಂಡರಿಗೆ ಕಿಡಿ ಕೊಡೋ ಕಾಯಿಲು ಸೋತಿದೆ. ಆಗೊಮ್ಮೆ ಈಗೊಮ್ಮೆ ಕಿಡಿ ತಪ್ಪಿಸ್ತಿದೆ. ಹದಿನೈದು ದಿನದೊಳಗೆ ಬಂದು ಬದಲಾಯಿಸ್ಕೊಂಡು ಹೋಗು."

"ಅಲ್ಲೀವರೆಗೆ ಓಡಿಸ್ಬಹುದಾ?"

"ಓಡಿಸ್ಬಹುದು. ಗಾಡಿ ನಡುಗಬಾರದು, ಬಿಸಿ ಮುಳ್ಳು ಮೇಲೆ ಹೋಗಬಾರದು, ಆಯಿಲ್ ದೀಪ ಬರಬಾರದು. ಇಲ್ಕೇಳು, ಈ ದೀಪ ಎರಡು ಥರ ಮಾತಾಡುತ್ತೆ. ಒಂದೇ ಸಮ ಉರೀತಿದ್ರೆ, ಬಿಡುವು ನೋಡ್ಕೊಂಡು ಬಾ, ಆದ್ರೆ ಬಾ ಅಂತ. ಮಿಟುಕೋಕೆ ಶುರು ಮಾಡಿದ್ರೆ, ಬರಬೇಡ, ಅಲ್ಲೇ ನಿಲ್ಸು ಅಂತ. ಒಂದು ಅಂಚೆ ಕಾಗದ, ಇನ್ನೊಂದು ಟೆಲಿಗ್ರಾಂ. ತಿಳೀತಾ?"

ಟೇಪಣ್ಣನಿಗೆ ತಿಳಿಯಿತು. ಆದರೆ ಮನೆಗೆ ಹೋಗುವಷ್ಟರಲ್ಲಿ ಅವನ ತಲೆಯಲ್ಲಿ ಉಳಿದದ್ದು "ಓಡಿಸ್ಬಹುದು" ಎಂಬ ಒಂದೇ ಮಾತು. ಹದಿನೈದು ದಿನ ಹೋಯಿತು, ತಿಂಗಳೂ ಹೋಯಿತು. ದೀಪ ಒಂದೇ ಸಮ ಉರಿಯುತ್ತ ಕೂತಿತ್ತು, ಗಾಡಿಯೂ ಓಡುತ್ತಿತ್ತು. ಒಂದು ದಿನ ಮುಂದಿನ ಸೀಟಿನಲ್ಲಿ ಕೂತ ನಿವೃತ್ತ ಹೆಡ್ಮಾಸ್ತರರೊಬ್ಬರು ಆ ದೀಪ ಕಂಡು, "ಇಲ್ಲೇ ಇಳಿಸಪ್ಪ, ನನಗೆ ಇನ್ನೂ ಮೊಮ್ಮಕ್ಕಳ ಮದುವೆ ನೋಡೋದಿದೆ" ಎಂದು ನಡುರಸ್ತೆಯಲ್ಲಿ ಇಳಿದು ಹೋದರು. ಟೇಪಣ್ಣನಿಗೆ ಅವಮಾನವಾಯಿತು. ಜೇಬಿಗೆ ಕೈ ಹಾಕಿದ. ಬೆರಳಗಲದ ಟೇಪು ದೀಪದ ಮೇಲೆ ಕೂತಿತು. ಸದ್ಯಕ್ಕೆ ಸಾಕು.

ಹೀಗೆ ದೀಪದ ಒಂದು ಥರದ ಮಾತನ್ನು ಮುಚ್ಚಲು ಹೋಗಿ ಎರಡನೆಯದರ ಬಾಯಿಯನ್ನೂ ಕಟ್ಟಿಬಿಟ್ಟೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಹೀಗೆ ಎಂಟು ತಿಂಗಳಾದ ಮೇಲೆ ಒಂದು ಬೆಳಗ್ಗೆ ಎಂಟೂವರೆಗೆ ಬೆಟ್ಟದಾಚೆಯ ದೊಡ್ಡ ಆಸ್ಪತ್ರೆಯಿಂದ ಹೆಂಡತಿ ಫೋನ್ ಮಾಡಿದಳು. ಮಗಳಿಗೆ ಏಳು ತಿಂಗಳಿಗೇ ಹೆರಿಗೆಯಾಗಿ ಆರು ದಿನವಾಗಿತ್ತು. ಹೊಟ್ಟೆ ಕೊಯ್ದು ತೆಗೆದ ಕೂಸು ಒಂದು ಕಿಲೋ ನೂರು ಗ್ರಾಂ. ಟೇಪಣ್ಣನ ನಟ್ಟು ತಿರುಗಿಸುವ ಪಾನಾಗಳ ಚೀಲವೇ ಅದಕ್ಕಿಂತ ಭಾರ. ತಾಯಿಗೆ ಎಚ್ಚರವಾಗುವ ಮುಂಚೆಯೇ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಆ ಆಸ್ಪತ್ರೆಗೆ ಸಾಗಿಸಿದ್ದರು. ಅಜ್ಜಿಯಾದ ಹೆಂಡತಿ ಮತ್ತು ಅಳಿಯ ಅಲ್ಲಿ, ಬಿಪಿ ಮತ್ತು ಜ್ವರ ಹಿಡಿದ ಮಗಳು ಇಲ್ಲಿಯ ನರ್ಸಿಂಗ್ ಹೋಮಿನಲ್ಲಿ. ಅವಳು ತನ್ನ ಮಗನನ್ನು ಇನ್ನೂ ಒಮ್ಮೆಯೂ ನೋಡಿರಲಿಲ್ಲ.

"ಮಗೂಗೆ ಕರುಳಿಂದು ಏನೋ ಆಗಿದೆಯಂತೆ," ಎಂದಳು ಹೆಂಡತಿ. "ಹನ್ನೆರಡಕ್ಕೆ ಆಪರೇಷನ್ನು. ಅಳಿಯ ಸಹಿ ಮಾಡಿದಾರೆ. ಡಾಕ್ಟ್ರು ಹೇಳಿದ್ರು, ತಾಯಿ ನೋಡ್ಬೇಕು ಅಂದ್ರೆ ಒಳಗೆ ಕರ್ಕೊಂಡು ಹೋಗೋ ಮುಂಚೆ ಬರಲಿ ಅಂತ. ಆಮೇಲಿಂದು ಅವರು ಏನೂ ಹೇಳ್ತಿಲ್ಲ."

ನರ್ಸಿಂಗ್ ಹೋಮಿನ ಆಂಬುಲೆನ್ಸು ಬೇರೊಬ್ಬ ರೋಗಿಯನ್ನು ಒಯ್ದಿತ್ತು. ಡಾಕ್ಟರಮ್ಮ ಮಗಳ ಬಿಪಿ ನೋಡಿ, ತುಟಿ ಕಚ್ಚಿಕೊಂಡು, "ಸೀಟು ಒರಗಿಸಿ, ಹೊಟ್ಟೆಗೆ ದಿಂಬು ಇಟ್ಕೊಂಡು, ಕುಲುಕದ ಹಾಗೆ ಹೋಗಿ" ಎಂದರು. ದಾರಿ ಎಂಬತ್ತು ಕಿಲೋಮೀಟರು, ಅರ್ಧ ಬಯಲು, ಅರ್ಧ ಬೆಟ್ಟ. ಒಂಬತ್ತಕ್ಕೆ ಹೊರಟರೆ ಹನ್ನೊಂದೂಕಾಲಕ್ಕೆ ಮುಟ್ಟಬಹುದು. ಟೇಪಣ್ಣ ಹೊರಟ.

ಬಯಲಿನಲ್ಲಿ ಗಾಡಿ ಬೆಣ್ಣೆಯ ಹಾಗೆ ಹೋಯಿತು. ಮಗಳು ಫೋನಿನಲ್ಲಿ ಅಳಿಯ ಕಳಿಸಿದ್ದ ಒಂದು ಫೋಟೋ ಹಿಡಿದು ಕೂತಿದ್ದಳು. ಅದರಲ್ಲಿ ಕೊಳವೆ, ಬಟ್ಟೆ, ಟೋಪಿಗಳ ನಡುವೆ ಕೂಸು ಎಂದು ನಂಬಬಹುದಾದ ಜಾಗ ಹೆಬ್ಬೆಟ್ಟಿನಷ್ಟಿತ್ತು.

ಬೆಟ್ಟದ ಏರು ಶುರುವಾಗಿ ನಾಲ್ಕನೇ ತಿರುವಿನಲ್ಲಿ ಗಾಡಿ ನಡುಗಿತು. ಮೊದಲು ಚಳಿ ಹಿಡಿದ ನಾಯಿಯ ಹಾಗೆ, ಆಮೇಲೆ ನಾಲ್ಕು ಕಾಲಿನ ಕುದುರೆಯ ಒಂದು ಕಾಲು ಕಳಚಿದ ಹಾಗೆ. ಟೇಪಣ್ಣ ಆಕ್ಸಿಲರೇಟರ್ ಒತ್ತಿದ. ನಡುಕ ಹೆಚ್ಚಿತು. ಇನ್ನಷ್ಟು ಒತ್ತಿದ. ಹಸಿ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು.

"ಅಪ್ಪ, ಆ ಟೇಪಿನ ಕೆಳಗೆ ಏನೋ ಮಿಟುಕ್ತಿದೆ."

"ಬಿಸಿಲು ಕಣಮ್ಮ. ಗಾಜಿಗೆ ಹೊಡೀತಿದೆ."

"ಬಿಸಿಲು ಮಿಟುಕಲ್ಲ ಅಪ್ಪ."

ಇಷ್ಟು ತಿಂಗಳ ಬಿಸಿಲಿಗೆ ಟೇಪಿನ ಒಂದು ಅಂಚು ಸುರುಳಿ ಎದ್ದಿತ್ತು. ಮಗಳು ಕೈ ಚಾಚಿ ಉಗುರಿನಿಂದ ಅದನ್ನು ಎತ್ತಿದಳು. ಹಳದಿ ದೀಪ ಅವಳ ಬೆರಳಿನ ಮೇಲೆ ಹೊತ್ತಿ ಆರಿತು, ಹೊತ್ತಿ ಆರಿತು. ಯಾವಾಗಿನಿಂದ ಹೀಗೆ ಕೂಗುತ್ತಿತ್ತೋ ಯಾರಿಗೆ ಗೊತ್ತು.

ಎಂಟು ತಿಂಗಳಿಂದ ಮರೆತಿದ್ದ ಮಾತಿನ ಎರಡನೇ ಅರ್ಧ ಭಾವಮೈದನ ಧ್ವನಿಯಲ್ಲೇ ಟೇಪಣ್ಣನ ಕಿವಿಗೆ ಬಂದು ಕೂತಿತು. "ಮಾವನಿಗೆ ಫೋನ್ ಹಚ್ಚಮ್ಮ" ಎಂದ.

ಮಗಳು ಹಚ್ಚಿ, ಜೋರಾಗಿ ಕೇಳುವ ಹಾಗೆ ಹಿಡಿದಳು. ಟೇಪಣ್ಣ ಎರಡೇ ಮಾತಿನಲ್ಲಿ ವಿಷಯ ಹೇಳಿದ.

ಭಾವಮೈದ ಬೈಯಲಿಲ್ಲ. ಅದೇ ಹೆದರಿಕೆಯ ವಿಷಯ. "ಭಾವ, ಕಾಲು ಮೇಲೆತ್ತು. ಪೂರ್ತಿ ಅಲ್ಲ, ಅರ್ಧ. ಗೇರ್ ಇಳಿಸಿ ಮೆಲ್ಲಗೆ ಬಿಡು. ಈಗ ದೀಪ ನೋಡು."

"ಮಿಟುಕೋದು ನಿಲ್ತು. ಒಂದೇ ಸಮ ಉರೀತಿದೆ." ಟೇಪಣ್ಣನಿಗೆ ಹೋದ ಜೀವ ಬಂದಿತು. ಮುಂದೆ ಏರು. ಗಾಡಿ ಸೋತು ನಿಲ್ಲುವ ಹಾಗಾಯಿತು. ಕಾಲು ತಾನಾಗಿ ಒತ್ತಿತು. ನಡುಕ, ವಾಸನೆ, ಮತ್ತೆ ಮಿಟುಕು.

"ಮತ್ತೆ ಶುರುವಾಯ್ತು."

"ಏರು ಇನ್ನೆಷ್ಟಿದೆ?"

"ಹನ್ನೊಂದು ಕಿಲೋಮೀಟರು."

"ಹಾಗಾದ್ರೆ ಆಗಲ್ಲ. ಸಪಾಟು ರಸ್ತೆ ಆಗಿದ್ರೆ ತೆವಳಿಸ್ಕೊಂಡು ಹತ್ತಿರದ ಗ್ಯಾರೇಜಿಗೆ ಹೋಗು ಅಂತಿದ್ದೆ. ಮೂರನೇ ಸಿಲಿಂಡರಲ್ಲಿ ಕಿಡಿ ಬರ್ತಿಲ್ಲ. ಅಲ್ಲಿ ಉರೀಬೇಕಾದ ಪೆಟ್ರೋಲು ಹಸಿಯಾಗಿ ಹೊರಗೆ ಹೋಗಿ ಸೈಲೆನ್ಸರ್ ಕಡೆ ಇರೋ ಹೊಗೆ ಶುದ್ಧ ಮಾಡೋ ಡಬ್ಬಿಯೊಳಗೆ ಉರೀತಿದೆ. ನಿಮ್ಮ ಕಾಲ ಕೆಳಗೇ ಕುಲುಮೆ. ಇನ್ನು ಸ್ವಲ್ಪ ಒತ್ತಿದ್ರೆ ಆ ಡಬ್ಬಿ ಕರಗಿ ಹೊಗೆಗೆ ದಾರಿ ಮುಚ್ಚುತ್ತೆ, ಗಾಡಿ ಯಾವುದೋ ತಿರುವಿನ ಮಧ್ಯ ಸಾಯುತ್ತೆ. ಹಿಂದಿಂದ ಲಾರಿ ಬರ್ತಿರುತ್ತೆ. ಇಲ್ಲ, ಅದಕ್ಕೂ ಮುಂಚೆ ಬೆಂಕಿ ಹೊತ್ಕೊಳ್ಳುತ್ತೆ. ಜಾಗ ನೋಡಿ ನಿಲ್ಸು. ಒಣಹುಲ್ಲಿನ ಮೇಲೆ ಮಾತ್ರ ನಿಲ್ಸಬೇಡ. ನಾನು ಕಾಯಿಲು ತಗೊಂಡು ಸ್ಕೂಟರಲ್ಲಿ ಹೊರಟೆ."

"ಎಷ್ಟು ಹೊತ್ತು?"

"ಹಾರ್ಕೊಂಡು ಬಂದ್ರೂ ಒಂದೂಕಾಲು ಗಂಟೆ."

ಆಗ ಹತ್ತು ಗಂಟೆ ಹತ್ತು ನಿಮಿಷ. ಬೆಟ್ಟದ ಕಡೆಯ ನಲವತ್ತು ಕಿಲೋಮೀಟರಿಗೆ ಹೇಗೆ ಓಡಿಸಿದರೂ ಒಂದು ಗಂಟೆ ಬೇಕು. ಲೆಕ್ಕ ಮಗಳಿಗೂ ಬರುತ್ತಿತ್ತು.

"ನಿಲ್ಸಬೇಡ ಅಪ್ಪ."

"ಅಮ್ಮಾ..."

"ಮಾವ ಗಾಡಿ ವಿಷಯ ಹೇಳ್ತಿದಾರೆ. ಗಾಡಿ ಹಾಳಾದ್ರೆ ಆಗಲಿ. ಹನ್ನೊಂದೇ ಕಿಲೋಮೀಟರು. ಎಂಟು ತಿಂಗಳು ಓಡಿಸಿದೀಯ, ಇನ್ನರ್ಧ ಗಂಟೆ ಓಡಿಸೋಕಾಗಲ್ವಾ?"

ಜೀವಮಾನದಲ್ಲಿ "ಸದ್ಯಕ್ಕೆ ಸಾಕು" ಎನ್ನಬೇಕಾದ ಒಂದು ಗಳಿಗೆ ಇದ್ದರೆ ಅದು ಇದೇ. ಇನ್ನೊಂದು ತಿರುವು, ಮತ್ತೊಂದು ತಿರುವು, ಹೇಗೋ ಆಗುತ್ತದೆ. ಇಷ್ಟು ವರ್ಷ ಹೇಗೋ ಆಗಿಯೇ ಅವನ ಸಂಸಾರ ನಡೆದಿತ್ತು. ಅವನ ಕಾಲು ಒತ್ತಿತು ಕೂಡ. ಗಾಡಿ ಎರಡು ಮಾರು ಜಿಗಿದು ಎಳೆಯಿತು; ಮಗಳು ಹೊಲಿಗೆ ಹಿಡಿದುಕೊಂಡು ಹಲ್ಲು ಕಚ್ಚಿದಳು. ಕಾಲ ಕೆಳಗಿನ ರಬ್ಬರ್ ಹಾಸು ಚಪ್ಪಲಿಯನ್ನು ದಾಟಿ ಬಿಸಿ ತಾಗಿಸಿತು.

ಎಡಕ್ಕೆ ಜಲ್ಲಿ ರಾಶಿ ಹಾಕಿದ್ದ ಒಂದು ಬೋಳು ಜಾಗ ಕಾಣಿಸಿತು. ಟೇಪಣ್ಣ ಅಲ್ಲಿಗೆ ತಿರುಗಿಸಿ, ನಿಲ್ಲಿಸಿ, ಚಾವಿ ತಿರುವಿದ. ದೀಪವೂ ಆರಿತು.

ಆ ಮೌನ ಎಷ್ಟು ದೊಡ್ಡದಾಗಿತ್ತೆಂದರೆ, ಬೆಟ್ಟದ ಆಚೆ ಮಗ್ಗುಲಿನ ಇರುವೆಗಳು ಜಗಳವಾಡುವುದೂ ಕೇಳಿಸುತ್ತಿತ್ತು. ಬಾನೆಟ್ಟಿನ ಕೆಳಗೆ ಬಿಸಿ ಲೋಹ ಟಿಕ್ ಟಿಕ್ ಎನ್ನುತ್ತಿತ್ತು. ಮಗಳು ಅಳಲಿಲ್ಲ.

"ನೀನು ಟೇಪು ಹಚ್ಚಿದ್ದು ದೀಪಕ್ಕಲ್ಲ ಅಪ್ಪ," ಎಂದಳು. "ನನ್ನ ಮಗನ ಮುಖಕ್ಕೆ."

ಟೇಪಣ್ಣ ಅವಳನ್ನು ಮೆಲ್ಲಗೆ ಇಳಿಸಿ, ಗಾಡಿಯಿಂದ ದೂರ ಒಂದು ಮರದ ನೆರಳಿನಲ್ಲಿ ಸೀಟಿನ ಬಟ್ಟೆ ಹಾಸಿ ಕೂರಿಸಿ, ರಸ್ತೆಗೆ ಓಡಿದ. ಅವನ ಓಟವನ್ನು ಓಟ ಎನ್ನುವುದು ಕಷ್ಟ. ಐವತ್ತೆಂಟು ವರ್ಷದ ಹೊಟ್ಟೆ ಒಂದು ಕಡೆ, ಮಂಡಿ ಇನ್ನೊಂದು ಕಡೆ. ಎರಡೂ ಕೈ ಎತ್ತಿ ನಿಂತ. ಒಂದು ಕಾರು ಹಾರ್ನ್ ಹೊಡೆದು ಹೋಯಿತು. ಇನ್ನೊಂದರಲ್ಲಿ ತಲೆಗಳು ಬಾಳೆಗೊನೆಯ ಹಾಗೆ ತುಂಬಿದ್ದವು. ಒಂದು ಲಾರಿಯವನು ನಿಲ್ಲಿಸಿ, ಎತ್ತರದ ಮೆಟ್ಟಿಲು ತೋರಿಸಿ, "ಹೊಲಿಗೆ ಹಾಕಿದ ಹೆಂಗಸು ಇದನ್ನ ಹತ್ತೋಕಾಗುತ್ತಾ ಯಜಮಾನ್ರೇ?" ಎಂದು ತಾನೇ ಬೇಜಾರು ಮಾಡಿಕೊಂಡು ಹೋದ. ಸ್ಟ್ಯಾಂಡಿಗೆ ಫೋನ್ ಮಾಡಿದರೆ ಅಲ್ಲಿಂದ ಬರಲು ಗಂಟೆ ಬೇಕೆಂದರು. ಹತ್ತು ಇಪ್ಪತ್ತೈದು. ಹತ್ತು ಮೂವತ್ತು. ಜನ್ಮದಲ್ಲಿ ಮೊದಲ ಬಾರಿಗೆ ಟೇಪಣ್ಣನಿಗೆ ಗಡಿಯಾರದ ಮುಳ್ಳಿಗೆ ಟೇಪು ಹಚ್ಚಬೇಕೆನ್ನಿಸಿತು.

ಹತ್ತು ನಲವತ್ತಕ್ಕೆ ತಿರುವಿನಲ್ಲಿ ಒಂದು ಉದ್ದನೆಯ ಬಿಳಿ ವ್ಯಾನು ಬಂದಿತು. ಅದರ ನಡಿಗೆ ನೋಡಿಯೇ ಟೇಪಣ್ಣನಿಗೆ ಗುರುತು ಸಿಕ್ಕಿತು. ಆತ ಕೈ ಇಳಿಸಿಬಿಟ್ಟ. ಅದು ಹೆಣ ಸಾಗಿಸುವ ಗಾಡಿ. ಅದರ ಡ್ರೈವರನಿಗೆ ಸ್ಟ್ಯಾಂಡಿನಲ್ಲಿ 'ಕೊನೇ ಟ್ರಿಪ್ಪು' ಎಂದು ಹೆಸರು. ಒಬ್ಬ ಪ್ರಯಾಣಿಕನೂ ಈವರೆಗೆ ತನ್ನ ಮೇಲೆ ದೂರು ಕೊಟ್ಟಿಲ್ಲ ಎಂಬುದು ಅವನ ದೊಡ್ಡ ಹೆಮ್ಮೆ.

ವ್ಯಾನು ತಾನಾಗಿಯೇ ನಿಂತಿತು. "ಏನು ಟೇಪಣ್ಣ, ಇಲ್ಲಿ ನಿಂತಿದೀಯ?"

ಟೇಪಣ್ಣ ಹೇಳಿದ. ಹೇಳುವಾಗ ಧ್ವನಿ ಮೂರು ಕಡೆ ಮುರಿಯಿತು.

"ದೊಡ್ಡಾಸ್ಪತ್ರೆಗೇ ಹೋಗ್ತಿದೀನಿ. ಖಾಲಿ ಇದೆ," ಎಂದ ಕೊನೇ ಟ್ರಿಪ್ಪು. ಆಮೇಲೆ ಮಗಳ ಕಡೆ ನೋಡಿ, ಟೋಪಿ ತೆಗೆದು, "ಆದ್ರೆ ಇದು... ಬಾಣಂತಿ..." ಎಂದು ಮಾತು ನುಂಗಿದ.

ಮಗಳು ಮರ ಹಿಡಿದು ತಾನೇ ಎದ್ದು ಬಂದಳು. ವ್ಯಾನಿನ ಹಿಂದೆ ಬರೆದಿದ್ದನ್ನು ಓದಿದಳು, ದಿಂಬನ್ನು ಹೊಟ್ಟೆಗೆ ಅವುಚಿಕೊಂಡಳು.

"ಇದರಲ್ಲಿ ದೀಪ ಮಿಟುಕುತ್ತಾ?"

"ಇಲ್ಲ ತಾಯಿ," ಎಂದ ಆತ. "ಒಂದೂ ಇಲ್ಲ. ಬೇಕಾದ್ರೆ ನೋಡು."

"ಹಾಗಾದ್ರೆ ಇದೇ ಸಾಕು."

ಮುಂದಿನ ಸೀಟಿನಲ್ಲಿ ಅವಳನ್ನು ಕೂರಿಸಿದರು. ತಾನೂ ಹತ್ತಬೇಕೆಂದು ಟೇಪಣ್ಣ ಕಾಲೆತ್ತಿದ; ಮುಂದೆ ಇದ್ದದ್ದು ಇಬ್ಬರ ಜಾಗ. ಹಿಂದೆಯಾದರೂ ಹತ್ತೋಣವೆಂದು ಟೇಪಣ್ಣ ಹಿಂದಿನ ಬಾಗಿಲ ಕಡೆ ನಡೆದಾಗ ಮಗಳು ಕಿಟಕಿಯಿಂದ, "ನೀನು ಬರಬೇಡ" ಎಂದಳು. ಅದು ಸಿಟ್ಟೋ, ಅಪ್ಪ ಅಲ್ಲಿ ಮಲಗುವುದನ್ನು ನೋಡಲಾರದ ಭಯವೋ, ಅವನಿಗೆ ತಿಳಿಯಲಿಲ್ಲ. ವ್ಯಾನು ಹೊರಟಿತು. ಜೀವಮಾನದಲ್ಲಿ ಮೂವತ್ತರ ಮೇಲೆ ಓಡದ ಆ ಗಾಡಿ ಮೊದಲ ತಿರುವಿನಲ್ಲೇ ಧೂಳೆಬ್ಬಿಸಿ ಮಾಯವಾಯಿತು.

ಆಮೇಲಿನದು ಟೇಪಣ್ಣನ ಬದುಕಿನ ಅತಿ ಉದ್ದನೆಯ ಗಂಟೆ. ಆ ಒಂದು ಗಂಟೆಯಲ್ಲಿ ಅವನ ಗಡ್ಡ ಮೊಣಕಾಲಿನವರೆಗೆ ಬೆಳೆದಿರಬೇಕು. ಜಲ್ಲಿಯ ಮೇಲೆ ಕೂತು ಫೋನನ್ನು ನೋಡಿದ, ಗಾಡಿಯನ್ನು ನೋಡಿದ, ಮತ್ತೆ ಫೋನನ್ನು ನೋಡಿದ. ಡ್ಯಾಶ್‌ಬೋರ್ಡಿನಿಂದ ಜೋತುಬಿದ್ದಿದ್ದ ಟೇಪಿನ ತುಂಡು ಗಾಳಿಗೆ ಅಲ್ಲಾಡುತ್ತಿತ್ತು. ಹದಿನೈದು ದಿನದೊಳಗೆ ಒಂದು ಬೆಳಗ್ಗೆ. ಅಷ್ಟೇ ಆ ದೀಪ ಕೇಳಿದ್ದು.

ಹನ್ನೊಂದು ಇಪ್ಪತ್ತೈದರ ಸುಮಾರಿಗೆ ಭಾವಮೈದ ಧೂಳಿನ ಗೊಂಬೆಯಾಗಿ ಬಂದು ಸ್ಕೂಟರ್ ನಿಲ್ಲಿಸಿದ. ಬಗ್ಗಿ ಗಾಡಿಯ ಅಡಿ ನೋಡಿದ. ಕೈ ಹತ್ತಿರ ಒಯ್ದು ಹಿಂದಕ್ಕೆಳೆದುಕೊಂಡ. ನಿಂತು ಒಂದು ಗಂಟೆಯಾಗಿದ್ದರೂ ಅಲ್ಲಿ ಕಾವು ಇತ್ತು.

"ಬಣ್ಣ ನೀಲಿಗೆ ತಿರುಗಿದೆ. ಇನ್ನೆರಡು ಕಿಲೋಮೀಟರು ಓಡಿಸಿದ್ದಿದ್ರೆ ನಿನ್ನನ್ನ ಕರೆಯೋಕೆ ನಾನು ಬರ್ತಿರಲಿಲ್ಲ ಭಾವ, ಕೊನೇ ಟ್ರಿಪ್ಪು ಬರ್ತಿದ್ದ."

"ಬಂದಿದ್ದ," ಎಂದ ಟೇಪಣ್ಣ.

ನಡೆದದ್ದನ್ನು ಕೇಳಿ ಭಾವಮೈದ ಬಾನೆಟ್ ಎತ್ತಿ, ಮೂರನೇ ಕಾಯಿಲು ಬಿಚ್ಚಿ, ಅಂಗೈ ಮೇಲಿಟ್ಟು ತೋರಿಸಿದ. ಕೂದಲೆಳೆಯಂಥ ಬಿರುಕು, ಅದರುದ್ದಕ್ಕೂ ಸುಟ್ಟ ಗೆರೆ. ಟೇಪಣ್ಣ ಅದನ್ನು ನೋಡಿದ. ಯಾವತ್ತಿನಂತೆ ಬಿರುಕು ಕಂಡೊಡನೆ ಕೈ ಜೇಬಿಗೆ ಹೋಗಲಿಲ್ಲ. ಹೊಸ ಕಾಯಿಲು, ಹೊಸ ಪ್ಲಗ್ಗು ಕೂತವು. ಇಪ್ಪತ್ತು ನಿಮಿಷದ ಕೆಲಸ.

ಹನ್ನೆರಡು ಹೊಡೆಯಲು ಏಳು ನಿಮಿಷವಿದ್ದಾಗ ಫೋನ್ ರಿಂಗಾಯಿತು. ಹೆಂಡತಿ. ಎತ್ತಲು ಧೈರ್ಯ ಬರದೆ ಟೇಪಣ್ಣ ಅದನ್ನು ಭಾವಮೈದನ ಕೈಗೆ ಕೊಟ್ಟ. ಆತ ಗ್ರೀಸಿನ ಬೆರಳಲ್ಲೇ ಒತ್ತಿ ಜೋರಾಗಿಟ್ಟ.

"ಬಂದ್ಲು," ಎಂದಿತು ಹೆಂಡತಿಯ ಧ್ವನಿ. "ಈಗ ತಾನೇ ಒಳಗೆ ಬಿಟ್ರು. ಪೆಟ್ಟಿಗೆಯ ಕಿಂಡಿಯಲ್ಲಿ ಬೆರಳು ಹಾಕಿದಾಳೆ. ಅವನು ಹಿಡ್ಕೊಂಡಿದಾನೆ ಕಣ್ರೀ. ಅಷ್ಟು ಚಿಕ್ಕ ಕೈ, ಬಿಡ್ತಾನೇ ಇಲ್ಲ. ಒಯ್ಯೋಕೆ ಬಂದವರು ಕಾಯ್ತಿದಾರೆ." ಆಮೇಲೆ ಯಾರೋ ಕರೆದರು, ಲೈನು ಹೋಯಿತು.

ಟೇಪಣ್ಣ ಜಲ್ಲಿಯ ಮೇಲೆ ಕುಸಿದು ಕೂತ. ಭಾವಮೈದ ಬೆನ್ನು ತಿರುಗಿಸಿ, ಬೇಡದಿದ್ದರೂ ಒಂದು ನಟ್ಟನ್ನು ಮೂರು ಸಲ ಬಿಗಿ ಮಾಡಿದ.

ಗಾಡಿ ಚಾಲೂ ಮಾಡಿದಾಗ ನಡುಕವಿರಲಿಲ್ಲ. ಹಳದಿ ದೀಪ ಮಾತ್ರ ಹೋಗಲಿಲ್ಲ. ಒಂದೇ ಸಮ ಉರಿಯುತ್ತ ಕೂತಿತು.

"ಅದು ಹಳೇ ದೂರು ನೆನಪಿಟ್ಕೊಂಡಿದೆ," ಎಂದ ಭಾವಮೈದ. "ಕಿಡಿ ಸರಿಯಾಗಿದೆ ಅಂತ ನಾಲ್ಕಾರು ಸಲ ನೋಡಿ ನಂಬಿಕೆ ಬಂದ್ಮೇಲೆ ತಾನೇ ಆರುತ್ತೆ. ಆರದೇ ಇದ್ರೆ ಡಬ್ಬಿ ಹಾಳಾಗಿದೆ ಅಂತ. ಮೆಲ್ಲಗೆ ಹೋಗು. ಮಿಟುಕಿದ್ರೆ ನಿಲ್ಸು. ನಾಳೆ ಬಾ."

"ನಾಳೆ ಬರ್ತೀನಿ."

"ನಿನ್ನ ನಾಳೆ ನನಗೆ ಗೊತ್ತು ಭಾವ. ನಾನೂ ಹಿಂದೆ ಸ್ಕೂಟರಲ್ಲಿ ಬರ್ತೀನಿ, ನಡಿ."

ಬೆಟ್ಟವನ್ನು ಅವರು ಆಮೆಯೂ ನಾಚುವ ಹಾಗೆ ಹತ್ತಿದರು. ಟೇಪಣ್ಣನ ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ದೀಪದ ಮೇಲೆ. ಅದು ಮಿಟುಕಲಿಲ್ಲ.

ಆಸ್ಪತ್ರೆ ಮುಟ್ಟಿದಾಗ ಎರಡು ದಾಟಿತ್ತು. ಆಪರೇಷನ್ ಮುಗಿದಿತ್ತು, ಕೂಸಿಗೆ ಜೀವವಿತ್ತು. ಎರಡು ದಿನ ಕಳೆಯದೆ ಏನೂ ಹೇಳಲಾರೆವು ಎಂದು ಡಾಕ್ಟರರು ಅಂದಿದ್ದರಂತೆ. ಮಗಳನ್ನು ಗಾಲಿಕುರ್ಚಿಯಲ್ಲಿ ಪೆಟ್ಟಿಗೆಯ ಪಕ್ಕ ಕೂರಿಸಿದ್ದರು. ಕೈ ತೊಳೆಸಿ, ನಿಲುವಂಗಿ ತೊಡಿಸಿ ಟೇಪಣ್ಣನನ್ನು ಐದೇ ನಿಮಿಷಕ್ಕೆಂದು ಒಳಗೆ ಬಿಟ್ಟರು. ಮಗಳು ತಿರುಗಿ ನೋಡಲಿಲ್ಲ. ಆದರೆ ಕುರ್ಚಿಯನ್ನು ಒಂದು ಗೇಣು ಸರಿಸಿದಳು.

ಗಾಜಿನೊಳಗೆ ಮಲಗಿದ್ದ ಆ ಜೀವಕ್ಕೆ ತನ್ನ ಹೆಬ್ಬೆಟ್ಟನ್ನೇ ಹೊದಿಸಬಹುದಿತ್ತು ಎಂದುಕೊಂಡ ಟೇಪಣ್ಣ. ಕೊಳವೆಗಳನ್ನು ಕೆನ್ನೆಗೆ, ಕಾಲಿಗೆ ಬಿಳಿ ಟೇಪಿನಿಂದ ಅಂಟಿಸಿದ್ದರು. ಅಲ್ಲಿಂದ ಕಣ್ಣು ಮೇಲಕ್ಕೆ ಹೋಗಿ ಯಂತ್ರದ ಪರದೆಯ ಮೇಲೆ ನಿಂತಿತು. ಮೂಲೆಯಲ್ಲಿ ಒಂದು ಪುಟ್ಟ ದೀಪ ಹೊತ್ತಿ ಆರುತ್ತಿತ್ತು, ಹೊತ್ತಿ ಆರುತ್ತಿತ್ತು. ಬೆಳಗಿನದಕ್ಕಿಂತಲೂ ಜೋರಾಗಿ.

ಟೇಪಣ್ಣ "ಸಿಸ್ಟರ್," ಎಂದು ಓಡಿದ, "ದೀಪ ಮಿಟುಕ್ತಿದೆ. ನಿಲ್ಸಿ. ಏನಾದ್ರೂ ಮಾಡಿ, ಮಿಟುಕ್ತಿದೆ."

ನರ್ಸು ಬಂದು ಪರದೆ ನೋಡಿದಳು, ಮುದುಕನ ಮುಖ ನೋಡಿದಳು. "ತಾತ, ಅದು ಎದೆ ಬಡಿತ. ಒಂದೊಂದು ಬಡಿತಕ್ಕೂ ಒಂದೊಂದು ಮಿಟುಕು. ಇಲ್ಲಿ ಅದು ಮಿಟುಕ್ತಾನೇ ಇರಬೇಕು. ನಿಂತ್ರೆ ಆಗ ನಾವೇ ಓಡಿ ಬರ್ತೀವಿ."

ಟೇಪಣ್ಣ ವಾಪಸು ಬಂದು ನಿಂತ.

"ಕೂತ್ಕೊ ಅಪ್ಪ," ಎಂದಳು ಮಗಳು, ಮಗನ ಮೇಲಿನ ಕಣ್ಣು ತೆಗೆಯದೆ. "ಅದನ್ನ ನೋಡ್ತಿರು. ನಾನು ಇವನನ್ನ ನೋಡ್ತೀನಿ."

ಆತ ಸ್ಟೂಲಿನ ತುದಿಯಲ್ಲಿ ಕೂತ. ಐದು ನಿಮಿಷ ಯಾವಾಗಲೋ ಮುಗಿದಿತ್ತು. ನರ್ಸು ಎರಡು ಸಲ ಬಂದು ನೋಡಿ, ಕೂತವನನ್ನು ಹಾಗೇ ಬಿಟ್ಟು ಹೋದಳು. ಟೇಪಣ್ಣ ಕಣ್ಣು ಮಿಟುಕಿಸದೆ ಆ ದೀಪವನ್ನು ನೋಡುತ್ತಿದ್ದ.